ಪನೀರ್ ಬಸಿದ ನೀರಿಗೂ ಕಟ್ಟಿನ ಸಾರಿನ ಮರ್ಯಾದೆ ಸಿಗಲಿ

ಹೋಳಿಗೆ ಮಾಡಿದ ದಿನ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಅದು ಒಗ್ಗರಣೆ ಹಾಕಿಸಿಕೊಂಡು ಸಾರಾಗುತ್ತದೆ, ಮಾರನೆಯ ದಿನಕ್ಕೆ ಇನ್ನೂ ರುಚಿಯಾಗುತ್ತದೆ. ಬೆಣ್ಣೆ ಕಡೆದಾಗ ಉಳಿಯುವ ಮಜ್ಜಿಗೆಯನ್ನು ಚೆಲ್ಲುವ ಮಾತಂತೂ ಇಲ್ಲವೇ ಇಲ್ಲ. ಅದೇ ಮನೆಯಲ್ಲಿ ಒಂದು ಲೀಟರ್ ಹಾಲು ಒಡೆಸಿ ಪನೀರ್ ಮಾಡಿದಾಗ ಮಾತ್ರ, ಬಟ್ಟೆಯಿಂದ ಇಳಿದ ಮುಕ್ಕಾಲು ಲೀಟರಿಗೂ ಮೀರಿದ ಹಾಲೊಡಕು ನೇರ ಸಿಂಕಿಗೆ ಹೋಗುತ್ತದೆ. ಕೈಗೆ ಬರುವ ಪನೀರ್ 150ರಿಂದ 200 ಗ್ರಾಂ. ಪನೀರ್ ನಮ್ಮ ಕಡೆಗೆ ಹೋಟೆಲಿನ ದಾರಿಯಲ್ಲಿ ಬಂದ ತಿನಿಸು. ಹೋಟೆಲಿನವರು ಗಟ್ಟಿಯನ್ನು ಬಡಿಸಿದರು, ನೀರಿನ ಬಳಕೆಯನ್ನು ಕಲಿಸಲಿಲ್ಲ. ಅದನ್ನು ನಮ್ಮ ಅಡುಗೆಯ ಕ್ರಮದೊಳಗೇ ಹುಡುಕಿಕೊಳ್ಳಬಹುದು ಎನ್ನುವುದೇ ನನ್ನ ವಾದ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಜಿಮ್ಮಿಗೆ ಹೋಗುವವರು ಡಬ್ಬಿಯಲ್ಲಿ ಕೊಳ್ಳುವ ಪ್ರೋಟೀನ್ ಪುಡಿಯೂ ಹಾಲೊಡಕಿನದೇ ಆದ್ದರಿಂದ, ಪನೀರ್ ನೀರು ಕುಡಿದರೆ ಅದೇ ಶಕ್ತಿ ಬರುತ್ತದೆ ಎಂದು ಹೇಳುವವರಿದ್ದಾರೆ. ಆ ಪುಡಿ ಬರುವುದು ಹೆಚ್ಚಾಗಿ ಚೀಸ್ ತಯಾರಿಕೆಯ ಹಾಲೊಡಕಿನಿಂದ. ಅಲ್ಲಿ ಹಾಲನ್ನು ಅಷ್ಟು ಬಿಸಿ ಮಾಡುವುದಿಲ್ಲ, ಹಾಗಾಗಿ ಕೆಲವು ಪ್ರೋಟೀನುಗಳು ನೀರಿನಲ್ಲೇ ಉಳಿಯುತ್ತವೆ. ಪನೀರಿಗೆ ಹಾಲನ್ನು ಕುದಿಯುವ ಹಂತಕ್ಕೆ ತರುತ್ತೇವೆ. ಆ ಕಾವಿಗೆ ಅವೇ ಪ್ರೋಟೀನುಗಳು ಗಟ್ಟಿಯ ಜೊತೆ ಅಂಟಿಕೊಂಡು ಪನೀರಿನೊಳಗೇ ಸೇರುತ್ತವೆ. ಒಂದು ಲೀಟರ್ ಹಾಲಿನಲ್ಲಿರುವ ಸುಮಾರು 32 ಗ್ರಾಂ ಪ್ರೋಟೀನಿನಲ್ಲಿ ಬಸಿದ ನೀರಿಗೆ ಇಳಿಯುವುದು ಹೆಚ್ಚೆಂದರೆ ಮೂರು ಗ್ರಾಂ. ಉಳಿದಂತೆ ಅದರಲ್ಲಿರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ 35ರಿಂದ 40 ಗ್ರಾಂ, ಸ್ವಲ್ಪ ಖನಿಜ, ನೀರಿಗೆ ಹಸಿರು ಮಿಶ್ರಿತ ಹಳದಿ ಬಣ್ಣ ಕೊಡುವ ರೈಬೋಫ್ಲಾವಿನ್ ಮತ್ತು ನಾವು ಹಿಂಡಿದ ನಿಂಬೆಯ ಹುಳಿ. ಆದ್ದರಿಂದ ಇದನ್ನು ಟಾನಿಕ್ ಎಂದು ಕುಡಿಯುವುದಕ್ಕಿಂತ, ತಿಳಿಹುಳಿಯ, ತುಸು ಸಿಹಿಯ ಅಡುಗೆ ನೀರು ಎಂದು ಬಳಸುವುದೇ ಸರಿ. ಬಸಿದ ನೀರು ತಿಳಿಯಾಗಿರದೆ ಹಾಲಿನಂತೆ ಬಿಳಿಯಾಗಿದ್ದರೆ ಹಾಲು ಪೂರ್ತಿ ಒಡೆದಿಲ್ಲ ಎಂದರ್ಥ. ಪನೀರಾಗಬೇಕಿದ್ದದ್ದು ನೀರಿನಲ್ಲಿ ಹೋಗುತ್ತಿದೆ. ಮತ್ತೆ ಬಿಸಿ ಮಾಡಿ, ಅರ್ಧ ಚಮಚ ನಿಂಬೆರಸ ಹಾಕಿ, ತಿಳಿಯಾದ ಮೇಲೆ ಬಸಿಯಬೇಕು. ಹುಳಿಯನ್ನು ಒಮ್ಮೆಲೇ ಸುರಿದವರ ಹಾಲೊಡಕು ಮಾತ್ರ ಯಾವ ಅಡುಗೆಗೂ ಒಗ್ಗುವುದಿಲ್ಲ. ಚಮಚ ಚಮಚವಾಗಿ ಹಾಕಿ, ಒಡೆದ ಕೂಡಲೇ ನಿಲ್ಲಿಸುವುದರಲ್ಲೇ ಮುಂದಿನ ಎಲ್ಲ ರುಚಿ ಇದೆ.

ಒಂದು ಲೀಟರ್ ಹಾಲಿನಿಂದ ಬಸಿದ ಸುಮಾರು 800 ಮಿಲಿಲೀಟರನ್ನು ಒಂದೇ ದಿನದ ಅಡುಗೆಯಲ್ಲಿ ಹಂಚಿ ನೋಡೋಣ. ಕಾಲು ಕಿಲೋ ಜೋಳದ ಹಿಟ್ಟಿಗೆ 300 ಮಿಲಿಲೀಟರಿನಷ್ಟು ಎಸರು ಬೇಕಾಗುತ್ತದೆ, ಅಷ್ಟನ್ನೂ ಹಾಲೊಡಕಿನಲ್ಲೇ ಇಡಬಹುದು. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರಿಗೆ ಪಿಷ್ಟ ಬೆಂದು ಅಂಟಾದರೆ ಮಾತ್ರ ರೊಟ್ಟಿ ಬಿರಿಯದೆ ತಟ್ಟಲು ಬರುತ್ತದೆ. ಹಾಲೊಡಕಾದರೂ ಈ ನಿಯಮ ಬದಲಾಗದು, ಉಗುರು ಬೆಚ್ಚಗಿನದನ್ನು ಹಾಕಿದರೆ ಅಂಚು ಸೀಳುತ್ತದೆ. ಕುದಿಯುವಾಗ ಮೇಲೆ ಬಿಳಿ ಚೂರುಗಳು ತೇಲಿದರೆ ಕೆಟ್ಟಿತೆಂದು ತಿಳಿಯಬೇಕಿಲ್ಲ, ಉಳಿದಿದ್ದ ಅಲ್ಪ ಪ್ರೋಟೀನು ಗಟ್ಟಿಯಾಗಿದೆ ಅಷ್ಟೇ. ಲ್ಯಾಕ್ಟೋಸ್ ಇರುವುದರಿಂದ ರೊಟ್ಟಿ ಬೇಗ ಕಂದುತ್ತದೆ, ಉರಿ ಸ್ವಲ್ಪ ಇಳಿಸಬೇಕು. ಹೆಂಚಿನ ಮೇಲೆ ರೊಟ್ಟಿಗೆ ಬಟ್ಟೆಯಿಂದ ಸವರುವ ನೀರು ಮಾತ್ರ ಬರೀ ನೀರೇ ಆಗಿರಲಿ. ಅಲ್ಲಿ ಹಾಲೊಡಕು ಸವರಿದರೆ ಸಕ್ಕರೆ ಹೆಂಚಿಗೆ ಹತ್ತಿ ಸೀಯುತ್ತದೆ. ಚಪಾತಿಗಾದರೆ ಕಾಲು ಕಿಲೋ ಹಿಟ್ಟಿಗೆ 150 ಮಿಲಿಲೀಟರ್ ಸಾಕು, ಕಲಸಿದ ಹಿಟ್ಟನ್ನು ಅಂದೇ ಮುಗಿಸಬೇಕು.

ಸಾರಿಗೆ ಮತ್ತೆ 250 ಮಿಲಿಲೀಟರ್. ಇಲ್ಲಿ ಎಡವುವವರೇ ಹೆಚ್ಚು. ಹಾಲೊಡಕಿನಲ್ಲೇ ಬೇಳೆ ಬೇಯಲು ಇಟ್ಟರೆ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಅದು ಕಾಳುಕಾಳಾಗಿಯೇ ಉಳಿಯಬಹುದು, ಏಕೆಂದರೆ ಹುಳಿ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಆಲೂಗಡ್ಡೆ, ಕಾಳುಗಳಿಗೂ ಇದೇ ಮಾತು. ಬೇಳೆಯನ್ನು ನೀರಿನಲ್ಲಿ ಬೇಯಿಸಿ, ಮಸೆದು, ಆಮೇಲೆ ಹಾಲೊಡಕು ಬೆರೆಸಿ ಕುದಿಸಬೇಕು. ಹುಣಸೆಹಣ್ಣನ್ನು ಅರ್ಧಕ್ಕೆ ಇಳಿಸಿ, ರುಚಿ ನೋಡಿಯೇ ಉಪ್ಪು ಹಾಕಬೇಕು. ಟೊಮೆಟೊ ಸೂಪಿಗೂ ಇದು ಸಲ್ಲುತ್ತದೆ, ಆದರೆ ಆ ಸೂಪಿಗೆ ಹಾಲು ಹಾಕುವಂತಿಲ್ಲ, ಒಡೆಯುತ್ತದೆ. ಉಳಿದದ್ದು ಕುಡಿಯಲು. ಹಸಿಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿ ಉಪ್ಪು ಬೆರೆಸಿದರೆ ಮಸಾಲೆ ಮಜ್ಜಿಗೆಯ ಬದಲಿಗೆ ಆಗುತ್ತದೆ. ಬೆಲ್ಲ, ಏಲಕ್ಕಿ ಹಾಕಿದರೆ ಪಾನಕ. ಆರಿದ ರಾಗಿ ಅಂಬಲಿಗೆ ಮಜ್ಜಿಗೆಯ ಬದಲು ಹಾಕುವುದು ನನಗೆ ಎಲ್ಲಕ್ಕಿಂತ ಇಷ್ಟ. ಮಧ್ಯ ಕರ್ನಾಟಕದ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ತಂಪಾದದ್ದು ಬೇಡ. ವಿನೆಗರ್ ಹಾಕಿ ಒಡೆಸಿದ ಹಾಲೊಡಕು ಮಾತ್ರ ಪಾನಕಕ್ಕೆ ಬರುವುದಿಲ್ಲ, ವಾಸನೆ ಬಿಡುವುದಿಲ್ಲ.

ಎಲ್ಲರಿಗೂ ಇದು ಒಗ್ಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದೂ ಆಗದು. ಹಾಲಿನ ಲ್ಯಾಕ್ಟೋಸಿನ ಬಹುಪಾಲು ಇದರಲ್ಲೇ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರು ದೊಡ್ಡ ಲೋಟ ತುಂಬಿಸಿಕೊಳ್ಳುವ ಮುನ್ನ ಆ ಸಕ್ಕರೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಬೆಲ್ಲದ ಪಾನಕವನ್ನು ಬಿಟ್ಟೇ ಬಿಡಬೇಕು. ಮೂತ್ರಪಿಂಡದ ತೊಂದರೆಯಿಂದ ಪಥ್ಯದಲ್ಲಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು, ಇದರಲ್ಲಿ ಪೊಟ್ಯಾಸಿಯಂ ಇದೆ.

ಇಷ್ಟು ನೀರಿಗೆ ಇಷ್ಟು ತಲೆಬಿಸಿ ಏಕೆ ಎಂಬುದು ಇನ್ನೊಂದು ಆಕ್ಷೇಪ. ಒಂದು ಮನೆಯ ಮಟ್ಟಿಗೆ ಅದು ನಿಜ, ಒಂದು ಲೀಟರ್ ಹಾಲೊಡಕಿನಿಂದ ನದಿ ಕೆಡುವುದಿಲ್ಲ. ದಿನವೂ ಕ್ಯಾನುಗಟ್ಟಲೆ ಹಾಲು ಒಡೆಸುವ ಕಡೆ ಲೆಕ್ಕ ಬೇರೆಯಾಗುತ್ತದೆ. ಹಾಲೊಡಕು ನೀರಿನಲ್ಲಿ ಕೊಳೆಯುವಾಗ ಲೀಟರಿಗೆ 30ರಿಂದ 50 ಗ್ರಾಂ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮನೆಗಳ ಚರಂಡಿ ನೀರಿಗೆ ಅದರ ನೂರರಲ್ಲೊಂದು ಪಾಲು ಸಾಕು. ಹರಿಹರ ಇರುವುದು ತುಂಗಭದ್ರೆಯ ದಡದಲ್ಲಿ, ದಾವಣಗೆರೆಯೂ ಕುಡಿಯುವುದು ಅದೇ ಹೊಳೆಯ ನೀರನ್ನು. ಕಾರ್ಖಾನೆಯ ತ್ಯಾಜ್ಯದಿಂದ ಹೊಳೆ ಕೆಟ್ಟಿತೆಂದು ಈ ದಡದ ಊರುಗಳ ಜನ 1980ರ ದಶಕದಲ್ಲೇ ಹೋರಾಡಿದ್ದಾರೆ. ನೀರಿನ ಉಸಿರು ಕಟ್ಟುವುದೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಪ್ರಮಾಣದವರು ಅಷ್ಟೊಂದು ರೊಟ್ಟಿ ತಟ್ಟಲಾರರು ನಿಜ. ಅವರಿಗೆ ಬಂಗಾಳದ ಮಿಠಾಯಿಗಾರರ ಪದ್ಧತಿ ಇದೆ, ಇದು ನನಗೆ ಬಹಳ ಪ್ರಿಯವಾದದ್ದು. ಅವರು ಇಂದಿನ ಹಾಲೊಡಕನ್ನು ಹುಳಿಯಲು ಬಿಟ್ಟು, ಅದರಿಂದಲೇ ನಾಳೆಯ ಹಾಲು ಒಡೆಸುತ್ತಾರೆ. ನಿಂಬೆಯೂ ಬೇಡ, ಸಿಟ್ರಿಕ್ ಆಮ್ಲವೂ ಬೇಡ, ಛೇನಾ ಮೆತ್ತಗೆ ಬರುತ್ತದೆ. ಮನೆಯಲ್ಲೂ ಇದನ್ನು ಮಾಡಬಹುದು. ಕುದಿದ ಹಾಲಿನಿಂದ ಬಂದದ್ದರಿಂದ ಹಾಲೊಡಕಿನಲ್ಲಿ ಹುಳಿಸುವ ಜೀವಾಣುಗಳು ಉಳಿದಿರುವುದಿಲ್ಲ. ಹಾಗಾಗಿ ಆರಿಸಿ, ಬೆಚ್ಚಗಿರುವಾಗ ಒಂದು ಚಮಚ ಮೊಸರನ್ನು ಹೆಪ್ಪಿನಂತೆ ಹಾಕಿ, ಮುಚ್ಚಿ ಒಂದು ರಾತ್ರಿ ಇಡಬೇಕು. ಲ್ಯಾಕ್ಟೋಸಿನ ಒಂದು ಪಾಲು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಇದು ನಿಂಬೆರಸಕ್ಕಿಂತ ಸೌಮ್ಯ, ಆದ್ದರಿಂದ ಚಮಚಗಳಲ್ಲಿ ಅಳೆಯದೆ ಲೋಟದಲ್ಲಿ ಅಳೆದು, ಬಿಸಿ ಮಾಡಿಕೊಂಡು, ಹಾಲು ಒಡೆದು ನೀರು ತಿಳಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಸರಿಯಾಗಿ ಹುಳಿತದ್ದರಿಂದ ಮೊಸರಿನ ವಾಸನೆ ಬರುತ್ತದೆ. ಹೆಂಡದ ವಾಸನೆ ಬಂದರೆ, ಲೋಳೆಯಾಗಿ ಎಳೆ ಎಳೆದರೆ, ಮೇಲೆ ಗುಲಾಬಿಯೋ ಕಪ್ಪೋ ಪೊರೆ ಕಟ್ಟಿದರೆ ಬಳಸಬಾರದು. ಹುಳಿಸದೆ ಇಡುವುದಾದರೆ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು. ಗಾಜಿನ ಬಾಟಲಿಯಲ್ಲಿ ಬೆಳಕಿಗೆ ಇಟ್ಟರೆ ರೈಬೋಫ್ಲಾವಿನ್ ನಾಶವಾಗುತ್ತದೆ.