‘ತಿಳಿಸತಕ್ಕದ್ದು’ ಎಂದರೆ ಸಲಹೆಯಲ್ಲ: ರಾಸು ವಿಮೆಯ ಷರತ್ತು ಓದುವ ಬಗೆ

ರಾಸು ವಿಮೆಯ ಪಾಲಿಸಿ ಕೈಗೆ ಬಂದಾಗ ಸಾಮಾನ್ಯವಾಗಿ ನಾವು ನೋಡುವುದು ಎರಡನ್ನೇ. ಎಷ್ಟು ರೂಪಾಯಿಗೆ ವಿಮೆ ಆಗಿದೆ, ಯಾವ ತಾರೀಖಿನವರೆಗೆ ಇದೆ. ಷರತ್ತುಗಳ ಹಾಳೆಯನ್ನು ಬಿಡಿಸುವುದು ಹಸು ಸತ್ತ ಮೇಲೆ. ಆದರೆ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ಬಹಳ ಸಲ ಆ ಹಾಳೆಯ ವಾಕ್ಯಗಳ ಕೊನೆಯ ಪದದಲ್ಲಿ ಅಡಗಿರುತ್ತದೆ. ಆ ಕೊನೆಯ ಪದವನ್ನು ಓದುವುದು ಹೇಗೆಂದು ಈ ಲೇಖನದಲ್ಲಿ ನೋಡೋಣ.

ಪಾಲಿಸಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತವೆ. ಅವುಗಳಲ್ಲಿ ‘ಶಲ್’, ‘ವಿಲ್’, ‘ಮಸ್ಟ್’, ‘ಮೇ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಶಲ್ ‘ತಕ್ಕದ್ದು’ ಆಗುತ್ತದೆ, ವಿಲ್ ‘ಲಾಗುವುದು’ ಆಗುತ್ತದೆ, ಮಸ್ಟ್ ‘ಬೇಕು’ ಅಥವಾ ‘ಲೇಬೇಕು’ ಆಗುತ್ತದೆ, ಮೇ ‘ಬಹುದು’ ಆಗುತ್ತದೆ. ನಮ್ಮ ಸಂಘಗಳ ಬೈಲಾಗಳಲ್ಲೂ ಇದೇ ಧಾಟಿ.

ಇವುಗಳಲ್ಲಿ ಹೆಚ್ಚು ಮೋಸ ಹೋಗುವುದು ‘ತಕ್ಕದ್ದು’ ಎಂಬ ಪದದಲ್ಲಿ. ಮನೆಮಾತಿನಲ್ಲಿ ‘ತಕ್ಕ’ ಎಂದರೆ ಒಪ್ಪುವಂಥದ್ದು, ಸರಿಹೊಂದುವಂಥದ್ದು. ಸಾರಿಗೆ ತಕ್ಕ ಉಪ್ಪು ಎನ್ನುತ್ತೇವೆ. ಹಾಗಾಗಿ ‘ಕೂಡಲೇ ತಿಳಿಸತಕ್ಕದ್ದು’ ಎಂದು ಓದಿದಾಗ ‘ತಿಳಿಸಿದರೆ ಒಳ್ಳೆಯದು’ ಎಂಬಂತೆ ಕೇಳಿಸುತ್ತದೆ. ಷರತ್ತಿನ ಹಾಳೆಯಲ್ಲಿ ಅದರ ಅರ್ಥ ‘ತಿಳಿಸಲೇಬೇಕು’ ಎಂದು. ‘ತಕ್ಕದ್ದಲ್ಲ’ ಎಂದಿದ್ದರೆ ಮಾಡಲೇಕೂಡದು ಎಂದು.

‘ಲಾಗುವುದು’ ಇನ್ನೊಂದು ಬಗೆಯ ತೊಡಕು. ‘ಪರಿಹಾರವನ್ನು ಪಾವತಿಸಲಾಗುವುದು’ ಎಂಬ ಮಾತಿನಲ್ಲಿ ಕೊಡುವವರು ಯಾರು, ಎಷ್ಟು ದಿನದೊಳಗೆ ಎಂಬುದಿಲ್ಲ. ‘ಬಹುದು’ ಎಂಬುದಂತೂ ಎರಡೂ ಕಡೆ ವಾಲುತ್ತದೆ. ಮಳೆ ಬರಬಹುದು ಎನ್ನುತ್ತೇವೆ, ನೀವು ಒಳಗೆ ಬರಬಹುದು ಎಂದೂ ಎನ್ನುತ್ತೇವೆ. ‘ಕಂಪನಿಯು ಹೆಚ್ಚುವರಿ ದಾಖಲೆ ಕೇಳಬಹುದು’ ಎಂದಿದ್ದರೆ ಕೇಳುವ ಅಧಿಕಾರ ಅವರಿಗೆ ಇದೆ, ಕೇಳಲೇಬೇಕು ಎಂದಿಲ್ಲ.

ಶಲ್ ಎಂಬ ಪದ ಕಾನೂನು ತಿಳಿದವರನ್ನೂ ಕಾಡಿದೆ. ಸಂವಿಧಾನದ 320ನೇ ವಿಧಿಯ ಒಂದು ಭಾಗದಲ್ಲಿ ಶಲ್ ಎಂದಿದ್ದರೂ ಅದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತು. ಹಾಗೆಂದು ಪಾಲಿಸಿಯ ‘ತಕ್ಕದ್ದು’ ಕೂಡ ಸಡಿಲ ಎಂದು ನಾವು ತಿಳಿಯುವಂತಿಲ್ಲ. ಅಂಥ ತೀರ್ಮಾನಕ್ಕೆ ಕೋರ್ಟಿನವರೆಗೆ ಹೋಗಬೇಕು, ಹಸು ಕಳೆದುಕೊಂಡ ಮನೆಗೆ ಅಷ್ಟು ಕಾಯುವ ಶಕ್ತಿ ಇರುವುದಿಲ್ಲ. ಕಡ್ಡಾಯ ಎಂದೇ ಓದಿಕೊಳ್ಳುವುದು ಕ್ಷೇಮ.

ಒಂದು ಷರತ್ತನ್ನು ಬಿಡಿಸಿ ನೋಡೋಣ

ರಾಸು ವಿಮೆಯಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಹೀಗಿರುತ್ತದೆ:

“ಕಿವಿಯೋಲೆ ಕಳೆದುಹೋದಲ್ಲಿ ಕೂಡಲೇ ತಿಳಿಸತಕ್ಕದ್ದು ಹಾಗೂ ಮರು ಓಲೆ ಅಳವಡಿಸತಕ್ಕದ್ದು. ಓಲೆ ಇಲ್ಲದ ರಾಸಿಗೆ ಪರಿಹಾರ ನೀಡಲಾಗುವುದಿಲ್ಲ. ರಾಸು ಮೃತಪಟ್ಟಲ್ಲಿ ಕೂಡಲೇ ತಿಳಿಸತಕ್ಕದ್ದು ಹಾಗೂ ಮರಣೋತ್ತರ ಪರೀಕ್ಷೆ ನಡೆಸತಕ್ಕದ್ದು.”

ಒಬ್ಬ ಸದಸ್ಯೆಯ ಎಚ್‌ಎಫ್ ಮಿಶ್ರತಳಿ ಹಸುವಿಗೆ 60,000 ರೂಪಾಯಿಗೆ ವಿಮೆ ಇದೆ ಎಂದುಕೊಳ್ಳಿ. ಬೇಲಿಗೆ ಸಿಕ್ಕಿ ಓಲೆ ಹರಿದು ಬಿತ್ತು. ಕಿವಿಯ ಗಾಯಕ್ಕೆ ಅರಿಶಿನ ಹಚ್ಚಿದರು. ಡಾಕ್ಟರು ಮುಂದಿನ ಸಲ ಬಂದಾಗ ಹೇಳೋಣ ಎಂದುಕೊಂಡರು. ಮೂರು ವಾರದ ಮೇಲೆ ಹೊಟ್ಟೆಯುಬ್ಬರವಾಗಿ ಹಸು ರಾತ್ರಿ ಸತ್ತಿತು. ಬೆಳಿಗ್ಗೆ ಊರವರು ಸೇರಿ ಹೂತುಬಿಟ್ಟರು. ಆಮೇಲೆ ಸಂಘದ ಕಾರ್ಯದರ್ಶಿಗೆ ಹೇಳಿದರು.

ಇಲ್ಲಿ ನಾಲ್ಕೂ ‘ತಕ್ಕದ್ದು’ ತಪ್ಪಿದವು. ಓಲೆ ಇಲ್ಲದೆ ಸತ್ತದ್ದು ವಿಮೆಯ ಹಸುವೇ ಎಂದು ತೋರಿಸಲು ದಾರಿಯಿಲ್ಲ. ಹೂತ ಮೇಲೆ ಸಾವಿನ ಕಾರಣ ನೋಡಲೂ ಆಗುವುದಿಲ್ಲ. ಅದರಲ್ಲೂ ಹೊಟ್ಟೆಯುಬ್ಬರದ ಸಾವಿನಲ್ಲಿ ಹೊತ್ತು ಬಹಳ ಮುಖ್ಯ. ಯಾವ ಕಾರಣಕ್ಕೆ ಸತ್ತರೂ ಕೆಲವು ಗಂಟೆಗಳಲ್ಲಿ ಹೊಟ್ಟೆ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಬದುಕಿದ್ದಾಗ ಆದ ಉಬ್ಬರ ಯಾವುದು, ಸತ್ತ ಮೇಲೆ ಆದದ್ದು ಯಾವುದು ಎಂದು ಹೇಳುವುದು ತಡವಾದಷ್ಟೂ ಕಷ್ಟ. ಆದ್ದರಿಂದ ಷರತ್ತಿನ ‘ಕೂಡಲೇ’ ಎಂಬುದಕ್ಕೆ ವೈದ್ಯಕೀಯ ಕಾರಣವೂ ಇದೆ.

ಆ ಸದಸ್ಯೆಗೆ ಷರತ್ತು ತಿಳಿಯದೇ ಹೋದದ್ದು ಯಾಕೆ? ಆ ವಾಕ್ಯಗಳಲ್ಲಿ ‘ನೀವು’ ಎಂಬ ಪದವೇ ಇಲ್ಲ. ತಿಳಿಸುವವರು ಯಾರು, ಯಾರಿಗೆ, ಓಲೆ ಹಾಕಿಸುವವರು ಯಾರು ಎಂದಿಲ್ಲ. ಮರಣೋತ್ತರ ಪರೀಕ್ಷೆ ‘ನಡೆಸತಕ್ಕದ್ದು’ ಎಂದರೆ ನಡೆಸುವವರು ನಾವು, ಆದರೆ ನಮ್ಮನ್ನು ಕರೆಸಬೇಕಾದವರು ನೀವು.

ನೇರ ಮಾತಿನಲ್ಲಿ ಬರೆದರೆ

ಪ್ರತಿ ಷರತ್ತಿಗೂ ನಾಲ್ಕು ಪ್ರಶ್ನೆ ಕೇಳಿ. ಯಾರು ಮಾಡಬೇಕು? ಏನು ಮಾಡಬೇಕು? ಎಷ್ಟು ಹೊತ್ತಿನೊಳಗೆ? ಮಾಡದಿದ್ದರೆ ಏನಾಗುತ್ತದೆ? ಉತ್ತರ ಸಿಕ್ಕಿದರೆ ಅದೇ ಷರತ್ತು ಹೀಗಾಗುತ್ತದೆ:

“ಓಲೆ ಬಿದ್ದುಹೋದರೆ ನೀವು ಅದೇ ದಿನ ಸಂಘದ ಕಾರ್ಯದರ್ಶಿಗೂ ವಿಮಾ ಕಂಪನಿಗೂ ತಿಳಿಸಬೇಕು. ಹೊಸ ಓಲೆ ಹಾಕಿಸಿ, ಅದರ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ಓಲೆ ಇಲ್ಲದೆ ಹಸು ಸತ್ತರೆ ಕಂಪನಿ ಹಣ ಕೊಡುವುದಿಲ್ಲ. ಹಸು ಸತ್ತರೆ ನೀವು ಕೂಡಲೇ ಪಶುವೈದ್ಯರಿಗೂ ಕಂಪನಿಗೂ ಫೋನ್ ಮಾಡಬೇಕು. ವೈದ್ಯರು ನೋಡುವವರೆಗೆ ಹೂಳಬಾರದು, ಓಲೆಯನ್ನು ಕಿವಿಯಿಂದ ಬಿಚ್ಚಬಾರದು.”

ಇಲ್ಲಿ ‘ತಕ್ಕದ್ದು’ ಹೋಗಿ ‘ಬೇಕು’ ಬಂದಿದೆ, ‘ತಕ್ಕದ್ದಲ್ಲ’ ಬರಬಹುದಾದ ಕಡೆ ‘ಬಾರದು’ ಇದೆ. ಪ್ರತಿ ಕೆಲಸಕ್ಕೂ ಒಬ್ಬರು ಇದ್ದಾರೆ. ಒಂದು ವಾಕ್ಯದಲ್ಲಿ ಒಂದೆರಡು ಕೆಲಸ ಮಾತ್ರ ಇದೆ.

ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸುವ ಮಾತನ್ನು ಮರೆಯಬೇಡಿ. ಹೊಸ ಓಲೆ ಹಾಕಿಸಿದರೂ ಪಾಲಿಸಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಕಾಗದದ ಹಸು ಬೇರೆ, ಕೊಟ್ಟಿಗೆಯ ಹಸು ಬೇರೆ ಎಂದಾಗುತ್ತದೆ. ಸೇರಿಸಿದ್ದಕ್ಕೆ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಪಡೆದು ಪಾಲಿಸಿಯ ಜೊತೆಗೇ ಇಡಿ.

ಇದಕ್ಕೊಂದು ಮಿತಿಯೂ ಇದೆ. ನಾವು ಬರೆದುಕೊಂಡ ನೇರ ಮಾತು ನಮ್ಮ ತಿಳಿವಳಿಕೆಗೆ ಮಾತ್ರ. ತಕರಾರು ಬಂದರೆ ನಡೆಯುವುದು ಪಾಲಿಸಿಯ ಮಾತು. ಮೇಲೆ ‘ಅದೇ ದಿನ’ ಎಂದು ಬರೆದದ್ದು ನಾವು, ಪಾಲಿಸಿಯಲ್ಲಿ ಇದ್ದದ್ದು ‘ಕೂಡಲೇ’ ಎಂದು. ‘ಕೂಡಲೇ’ ಎಂದರೆ ಎಷ್ಟು ಗಂಟೆ ಎಂಬುದನ್ನು ನಾವೇ ಊಹಿಸಿ ‘ಎರಡು ದಿನ’ ಎಂದು ಬರೆದುಕೊಂಡರೆ, ಇಲ್ಲದ ಸಡಿಲವನ್ನು ನಾವೇ ಕೊಟ್ಟುಕೊಂಡಂತೆ.

ಆದ್ದರಿಂದ ವಿಮೆ ಮಾಡಿಸಲು ಕಂಪನಿಯವರು ಸಂಘಕ್ಕೆ ಬಂದ ದಿನವೇ, ಹಣ ಕಟ್ಟುವ ಮುಂಚೆ, ಮೂರು ವಿಷಯ ಕೇಳಿ. ‘ಕೂಡಲೇ’ ಎಂದರೆ ಎಷ್ಟು ಗಂಟೆ? ತಿಳಿಸಬೇಕಾದ ಫೋನ್ ನಂಬರ್ ಯಾವುದು? ದಾಖಲೆಯೆಲ್ಲ ಕೊಟ್ಟ ಮೇಲೆ ಹಣ ಎಷ್ಟು ದಿನದೊಳಗೆ ಕೊಡುತ್ತೀರಿ? ‘ಕೊಡಲಾಗುವುದು’ ಎಂಬ ಉತ್ತರಕ್ಕೆ ಒಪ್ಪಬೇಡಿ. ಯಾರು ಕೊಡುತ್ತಾರೆ, ಎಂದು ಕೊಡುತ್ತಾರೆ ಎಂಬುದನ್ನು ಬರೆಸಿ, ಸಹಿ ಹಾಕಿಸಿಕೊಳ್ಳಿ. ಆ ಹಾಳೆಯ ಒಂದು ಪ್ರತಿ ಸಂಘದ ನೋಟೀಸ್ ಬೋರ್ಡಿನಲ್ಲಿ ಇರಲಿ. ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲೂ ಹಸುವಿಗೆ ಏನಾದರೂ ಆಗಬಹುದು, ಹಾಗಾಗಿ ಇನ್ನೊಂದು ಪ್ರತಿಯನ್ನು ಮನೆಯ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.