ಒಳಮೈ ಕಪ್ಪಾಗದ ಬೆಸುಗೆ

ಸ್ಟೀಲ್ ಟ್ಯಾಂಕ್ ಮಾಡಿಸಿಕೊಂಡವರು ಮೊದಲು ಕೈಯಾಡಿಸಿ ನೋಡುವುದು ಹೊರಗಿನ ಬೆಸುಗೆಯ ಗೆರೆಯನ್ನು. ಆದರೆ ನೀರು, ಹಾಲು, ಎಣ್ಣೆ ನಿಲ್ಲುವುದು ಒಳಗೆ. ಹೊರಗೆ ಹೊಳೆಯುವ ಗೆರೆಯ ಹಿಂಬದಿಯೇ ಕಪ್ಪಾಗಿ ಒರಟಾಗಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ತೆಳು ಸ್ಟೇನ್‌ಲೆಸ್ ತಗಡನ್ನು ಟಿಗ್‌ನಲ್ಲಿ, ಅಂದರೆ ವರ್ಕ್‌ಶಾಪ್‌ಗಳಲ್ಲಿ ಎಲ್ಲರೂ ಕರೆಯುವ ‘ಆರ್ಗಾನ್ ವೆಲ್ಡಿಂಗ್’ನಲ್ಲಿ, ಬೆಸೆಯುವ ಕೆಲಸದ ಕಷ್ಟವೆಲ್ಲ ಈ ಕಾಣದ ಬದಿಯನ್ನು ಕಾಪಾಡುವುದರಲ್ಲಿದೆ.

ಒಂದು ಸಣ್ಣ ಟ್ಯಾಂಕನ್ನೇ ತೆಗೆದುಕೊಳ್ಳೋಣ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಉರುಳೆ. ಸುಮಾರು 28 ಲೀಟರ್ ಹಿಡಿಯುತ್ತದೆ. ತಗಡು 304 ದರ್ಜೆಯದು, ದಪ್ಪ 1.2 ಮಿಲಿಮೀಟರ್, ಅಂಗಡಿಯವರ ಮಾತಿನಲ್ಲಿ 18 ಗೇಜ್. ಈ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ ಇರುತ್ತದೆ. ಕ್ರೋಮಿಯಂ ಗಾಳಿಯೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಅದೇ. ಆದರೆ ಕರಗುವಷ್ಟು ಕಾದ ಲೋಹಕ್ಕೆ ಗಾಳಿ ತಗುಲಿದರೆ ಕ್ರೋಮಿಯಂ ವಿಪರೀತವಾಗಿ ಉರಿದು, ಸುಟ್ಟ ಸಕ್ಕರೆಯಂಥ ಕಪ್ಪು ಹರಳು ಮೇಲೇಳುತ್ತದೆ. ಅದರ ಅಡಿಯ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಹರಳುಗಳ ಸಂದಿನಲ್ಲಿ ಕೊಳೆಯೂ ನೀರೂ ನಿಲ್ಲುತ್ತವೆ. ಹಾಗಾಗಿ ಕಾದ ಜಾಗಕ್ಕೆ ಮುಂದಿನಿಂದಲೂ ಹಿಂದಿನಿಂದಲೂ ಆರ್ಗಾನ್ ಹೊದಿಕೆ ಬೇಕು.

ಮುಂದಿನ ಹೊದಿಕೆ ಟಾರ್ಚ್‌ನಿಂದಲೇ ಬರುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ಮೇಲಿನ ಗಾಜಿನ ಕೊಳವೆಯಲ್ಲಿ ಒಂದು ಪುಟ್ಟ ಗುಂಡು ತೇಲುತ್ತಾ ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಈ ತಗಡಿಗೆ 6ರಿಂದ 8 ಲೀಟರ್ ಸಾಕು. ಬೆಸುಗೆ ಕಪ್ಪಾದರೆ ಗ್ಯಾಸ್ ಸಾಲದೆಂದು ವಾಲ್ವ್ ಇನ್ನಷ್ಟು ತಿರುಗಿಸುವವರು ಬಹಳ. ಹರಿವು ಅತಿಯಾದಾಗ ಆರ್ಗಾನ್ ನೆಟ್ಟಗೆ ಇಳಿಯದೆ ಸುಳಿ ಸುತ್ತುತ್ತದೆ, ಆ ಸುಳಿ ಪಕ್ಕದ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಗ ಬೆಸುಗೆ ಮತ್ತಷ್ಟು ಕಪ್ಪಾಗುತ್ತದೆ. ವಾಲ್ವ್ ಮುಟ್ಟುವ ಮೊದಲು ನೋಡಬೇಕಾದದ್ದು ಬೆಸುಗೆಯತ್ತ ಬೀಸುತ್ತಿರುವ ಫ್ಯಾನನ್ನು, ಸಡಿಲವಾದ ಪೈಪನ್ನು, ಬಿರುಕು ಬಿಟ್ಟ ಕಪ್ಪನ್ನು.

ಹಿಂದಿನ ಹೊದಿಕೆಯನ್ನು ನಾವೇ ಕಟ್ಟಬೇಕು. ತಗಡನ್ನು ಉರುಳೆ ಮಾಡಿ ಎರಡು ಅಂಚು ಕೂಡಿಸಿದ ಮೇಲೆ, ಜೋಡಿನ ಕೆಳಗೆ ಉದ್ದಕ್ಕೂ ಒಂದು ತಾಮ್ರದ ಪಟ್ಟಿ ಇಟ್ಟು ಬಿಗಿಯುತ್ತಾರೆ. ಪಟ್ಟಿಯ ನಡುವೆ ಒಂದು ಕಾಲುವೆ ಕೊರೆದಿರುತ್ತದೆ. ಅದರಲ್ಲಿ ಸಾಲು ತೂತುಗಳಿಂದ ಆರ್ಗಾನ್ ಹೊರಬರುತ್ತದೆ. ಇಲ್ಲಿ ನಿಮಿಷಕ್ಕೆ 3ರಿಂದ 5 ಲೀಟರ್ ಹರಿದರೆ ಸಾಕು. ತಾಮ್ರ ಬಿಸಿಯನ್ನೂ ಬೇಗ ಎಳೆದುಕೊಳ್ಳುತ್ತದೆ, ಅದರಿಂದ ಇನ್ನೊಂದು ಉಪಕಾರ. ಸ್ಟೇನ್‌ಲೆಸ್ ಮಾಮೂಲಿ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆದರೆ ಬಿಸಿಯನ್ನು ದೂರಕ್ಕೆ ಸಾಗಿಸುವುದು ತೀರಾ ನಿಧಾನ. ಬಿಸಿ ಒಂದೇ ಕಡೆ ನಿಂತು ತಗಡು ಸೊಟ್ಟಗಾಗುವುದು ಇದರಿಂದಲೇ.

ಸೊಟ್ಟಗಾಗದಂತೆ ಮೊದಲೇ ಟ್ಯಾಕ್ ಹಾಕಬೇಕು. ಎರಡೂ ತುದಿಗೆ ಒಂದೊಂದು, ನಡುವೆ ಒಂದು, ಮತ್ತೆ ಆ ನಡುವಿನ ನಡುವೆ ಎನ್ನುತ್ತಾ ಸುಮಾರು 3 ಸೆಂಟಿಮೀಟರಿಗೊಂದು ಬರುವಷ್ಟು. ಅಂಚುಗಳ ನಡುವೆ ಸಂದು ಇರಕೂಡದು. ಅರ್ಧ ಮಿಲಿಮೀಟರ್ ಸಂದಿದ್ದರೂ ಅಂಚುಗಳು ಕೂಡದೆ ಹಿಂದಕ್ಕೆ ಕರಗಿ ತೂತು ಬೀಳಬಹುದು. ಟ್ಯಾಕ್ ಹಾಕುವಾಗಲೂ ಹಿಂದಿನ ಆರ್ಗಾನ್ ಹರಿಯುತ್ತಿರಬೇಕು, ಇಲ್ಲವಾದರೆ ಒಂದೊಂದು ಟ್ಯಾಕಿನ ಬೆನ್ನಿಗೂ ಒಂದೊಂದು ಕಪ್ಪು ಹರಳು ಕಟ್ಟಿಯೇ ತೀರುತ್ತದೆ.

ಇನ್ನು ಬೆಸುಗೆ. 1.6 ಮಿಲಿಮೀಟರ್ ಟಂಗ್‌ಸ್ಟನ್‌ನ ತುದಿಯನ್ನು ಉದ್ದುದ್ದಕ್ಕೆ ಸಾಣೆ ಹಿಡಿದು ಚೂಪು ಮಾಡಿರಬೇಕು. ಡಿಸಿ ಕರೆಂಟ್, ಟಾರ್ಚ್ ನೆಗೆಟಿವ್‌ಗೆ, ಸುಮಾರು 40 ಆಂಪಿಯರ್. ತುದಿಗೂ ತಗಡಿಗೂ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ. ಎರಡೂ ಅಂಚು ಕರಗಿ ಕೂಡಿ ಸಣ್ಣ ಮಡುವಾದ ಕೂಡಲೇ ಫಿಲ್ಲರ್ ರಾಡ್ ಬರುತ್ತದೆ. 304ಕ್ಕೆ ಹೊಂದುವುದು 308ಎಲ್ ರಾಡ್, 1.2 ಮಿಲಿಮೀಟರ್‌ನದಾದರೆ ಒಳ್ಳೆಯದು, ದಪ್ಪ ರಾಡ್ ಮಡುವನ್ನು ತಣ್ಣಗಾಗಿಸಿ ಗುಡ್ಡೆ ಕಟ್ಟುತ್ತದೆ.

ರಾಡನ್ನು ತಗಡಿಗೆ 15 ಡಿಗ್ರಿಯಷ್ಟು ಮಲಗಿಸಿ ಹಿಡಿದು, ಮಡುವಿನ ಮುಂದಿನ ಅಂಚಿಗೆ ತಾಗಿಸಬೇಕು. ರಾಡನ್ನು ಕರಗಿಸಬೇಕಾದದ್ದು ಮಡುವಿನ ಬಿಸಿ. ನೇರವಾಗಿ ಕಿಡಿಯೊಳಗೆ ಹಿಡಿದರೆ ತುದಿ ಉಂಡೆಯಾಗಿ ತೊಟ್ಟಿಕ್ಕುತ್ತದೆ. ಒಂದು ತೊಟ್ಟು ಬಿದ್ದ ಕೂಡಲೇ ರಾಡನ್ನು ಐದಾರು ಮಿಲಿಮೀಟರ್ ಹಿಂದಕ್ಕೆ ಸರಿಸಿ, ಟಾರ್ಚನ್ನು ತುಸು ಮುಂದಕ್ಕೆ ಒಯ್ದು, ಮತ್ತೆ ತಾಗಿಸಬೇಕು. ಇಲ್ಲಿ ನೆನಪಿಡಬೇಕಾದದ್ದು, ಹಿಂದಕ್ಕೆ ಸರಿದ ರಾಡಿನ ತುದಿ ಆರ್ಗಾನ್ ಹೊದಿಕೆಯಿಂದ ಹೊರಗೆ ಬರಕೂಡದು. ಕೆಂಪಗೆ ಕಾದ ತುದಿಗೆ ಗಾಳಿ ತಗುಲಿದರೆ ಅದೂ ಕಪ್ಪಾಗುತ್ತದೆ, ಮುಂದಿನ ತೊಟ್ಟಿನೊಂದಿಗೆ ಆ ಕಪ್ಪು ಬೆಸುಗೆಯೊಳಗೇ ಸೇರುತ್ತದೆ. ಹೊರಗೆ ಬಂದಿದ್ದರೆ ಆ ತುದಿಯನ್ನು ಕತ್ತರಿಸಿ ಬಿಸಾಡಬೇಕು. ಟಂಗ್‌ಸ್ಟನ್ ಮಡುವಿಗೆ ತಗುಲಿದರೂ ಅಷ್ಟೆ, ನಿಲ್ಲಿಸಿ ಮತ್ತೆ ಸಾಣೆ ಹಿಡಿಯದೆ ಬೇರೆ ದಾರಿಯಿಲ್ಲ.

ಎಂಟು ಹತ್ತು ಸೆಂಟಿಮೀಟರ್ ಆದ ಮೇಲೆ ನಿಲ್ಲಿಸಿ ತಣಿಯಲು ಬಿಡಬೇಕು. ನಿಲ್ಲಿಸುವಾಗ ಕರೆಂಟನ್ನು ನಿಧಾನ ಇಳಿಸಬೇಕು. ತಟ್ಟನೆ ಕಡಿದರೆ ಕೊನೆಯ ಕುಳಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಟ್ಯಾಂಕ್ ಸೋರುವುದು ಹೆಚ್ಚಾಗಿ ಇಂಥ ಕಡೆಯೇ. ಕಿಡಿ ಆರಿದ ಮೇಲೂ ಗ್ಯಾಸ್ ಐದಾರು ಸೆಕೆಂಡ್ ಬರುತ್ತಿರುತ್ತದೆ. ಅಷ್ಟು ಹೊತ್ತು ಟಾರ್ಚ್ ಕದಲಬಾರದು.

ಕೊನೆಯ ಮುಚ್ಚಳದ ಹೊತ್ತಿಗೆ ತಾಮ್ರದ ಪಟ್ಟಿ ಒಳಗೆ ಇಡುವಂತಿಲ್ಲ. ಆಗ ಇಡೀ ಟ್ಯಾಂಕನ್ನೇ ಆರ್ಗಾನ್‌ನಿಂದ ತುಂಬಬೇಕು. ಆರ್ಗಾನ್ ಗಾಳಿಗಿಂತ ಭಾರ, ಆದ್ದರಿಂದ ಕೆಳಗಿನ ನಲ್ಲಿಯ ಸಾಕೆಟ್‌ನಿಂದ ಬಿಟ್ಟು ಮೇಲಿನ ತೂತಿನಿಂದ ಗಾಳಿ ಹೊರಹೋಗಲು ಬಿಡುತ್ತಾರೆ. ಎರಡೂ ಬೆರೆಯುವುದರಿಂದ 28 ಲೀಟರ್ ಸಾಲದು, ಐದು ಪಟ್ಟು, ಅಂದರೆ 140 ಲೀಟರ್ ಹಾಯಿಸಬೇಕು. ನಿಮಿಷಕ್ಕೆ 10 ಲೀಟರ್‌ನಂತೆ 14 ನಿಮಿಷ. ಬೆಸುಗೆ ಶುರುವಾದ ಮೇಲೆ ಹರಿವನ್ನು 4 ಲೀಟರಿಗೆ ಇಳಿಸಬೇಕು, ಮೇಲಿನ ತೂತು ತೆರೆದೇ ಇರಬೇಕು. ಮರೆತರೆ ಒಳಗೆ ಒತ್ತಡ ಏರಿ, ಸುತ್ತು ಮುಗಿಯುವಾಗ ಕರಗಿದ ಲೋಹವನ್ನೇ ಹೊರಕ್ಕೆ ಊದಿಬಿಡುತ್ತದೆ. ಆರ್ಗಾನ್‌ಗೆ ವಾಸನೆಯಿಲ್ಲ, ಉಸಿರಾಡಲು ಬರುವುದಿಲ್ಲ. ಆರ್ಗಾನ್ ತುಂಬಿದ ಪಾತ್ರೆಯೊಳಗೆ ತಲೆ ಹಾಕಿ ನೋಡುವುದು ಪ್ರಾಣಕ್ಕೇ ಅಪಾಯ. ಕೆಲಸದ ಜಾಗದಲ್ಲಿ ಗಾಳಿ ಆಡುತ್ತಿರಬೇಕು, ಬೆಸುಗೆಯ ಮೇಲೆ ಬೀಸಬಾರದು, ಅಷ್ಟೆ.

ಟ್ಯಾಂಕ್ ಮಾಡಿಸಿಕೊಳ್ಳುವವರು ಗುಣವನ್ನು ಬಣ್ಣದಿಂದಲೇ ತಿಳಿಯಬಹುದು. ಬೆಸುಗೆ ಬೆಳ್ಳಗೆ ಅಥವಾ ತಿಳಿ ಹೊಂಬಣ್ಣವಾಗಿದ್ದರೆ ಗ್ಯಾಸ್ ಸರಿಯಾಗಿತ್ತು. ನೀಲಿ, ನೇರಳೆ ಇದ್ದರೆ ಬಿಸಿ ಹೆಚ್ಚಾಗಿದೆ ಇಲ್ಲವೇ ಹೊದಿಕೆ ಸಾಲದಾಗಿದೆ. ಮಾಸಲು ಬೂದು, ಕಪ್ಪು ಒರಟು ಕಂಡರೆ ಅದು ಕೆಟ್ಟ ಬೆಸುಗೆ. ಆದರೆ ಹೊರಗಿನ ಬಣ್ಣವನ್ನು ಬಫ್ ಹೊಡೆದು ಮರೆಸಬಹುದು. ಆದ್ದರಿಂದ ಆರ್ಗಾನ್ ಪೂರ್ತಿ ಹೊರಹೋದ ಮೇಲೆ ಸಾಕೆಟ್‌ನ ಬಾಯಿಂದ ಬ್ಯಾಟರಿ ಬೆಳಕು ಬಿಟ್ಟು ಉದ್ದನೆಯ ಜೋಡಿನ ಬೆನ್ನನ್ನು ನೋಡಿ, ನೀರು ತುಂಬಿಸಿ ಒಂದು ರಾತ್ರಿ ಒಣ ಕಾಗದದ ಮೇಲಿಟ್ಟು ಪರೀಕ್ಷಿಸಿ, ಆಮೇಲೆ ದುಡ್ಡು ಕೊಡಿ. ಸೋರದ ಟ್ಯಾಂಕೆಲ್ಲ ಒಳ್ಳೆಯ ಟ್ಯಾಂಕಲ್ಲ. ಕಪ್ಪು ಹರಳಿರುವ ಜೋಡು ಇವತ್ತು ನೀರು ಹಿಡಿದು ನಿಂತರೂ ಮುಂದೆ ಅಲ್ಲೇ ತುಕ್ಕು ಹಿಡಿಯುತ್ತದೆ.