ಕರೆಂಟ್ ಹೋದ್ರೂ ಫ್ಯಾನ್ ಹೇಗೆ ತಿರುಗುತ್ತೆ ಮಾಮ?

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕರೆಂಟ್ ಹೋದದ್ದು ಮೊದಲು ಗೊತ್ತಾಗೋದು ಕಿವಿಗೆ. ಬೆಳಗ್ಗೆಯಿಂದ ಟಕಟಕ ಅಂತ ಬಡಿಯುತ್ತಿದ್ದ ಪವರ್‌ಲೂಮ್‌ಗಳೆಲ್ಲ ಒಂದೇ ಏಟಿಗೆ ನಿಂತುಬಿಡುತ್ತವೆ. ಆ ಸಂಜೆಯೂ ಹಾಗೇ ಆಯ್ತು. ಏಳು ಗಂಟೆ ಹೊತ್ತಿಗೆ ಗಾಳಿ ಮಳೆ, ಎಲ್ಲೋ ಲೈನ್ ಮೇಲೆ ಕೊಂಬೆ ಬಿದ್ದಿರಬೇಕು. ಮಗ್ಗಗಳ ಸದ್ದು ನಿಂತಿತು, ಅಕ್ಕನ ಮನೆಯ ಮೆಟ್ಟಿಲ ಕೆಳಗಿಂದ "ಟಕ್" ಅಂತ ಒಂದು ಸಣ್ಣ ಶಬ್ದ ಬಂತು, ಹಾಲ್‌ನ ಫ್ಯಾನ್ ಮಾತ್ರ ಏನೂ ಆಗದ ಹಾಗೆ ತಿರುಗುತ್ತಲೇ ಇತ್ತು.

ನಾಲ್ಕನೇ ಕ್ಲಾಸ್ ಓದೋ ಅಕ್ಕನ ಮಗ ಹೋಂವರ್ಕ್ ಬಿಟ್ಟು ಮೇಲೆ ನೋಡಿದ. "ಮಾಮ, ಬೀದಿಗೆಲ್ಲ ಕರೆಂಟ್ ಇಲ್ಲ. ನಮ್ಮ ಫ್ಯಾನ್‌ಗೆ ಎಲ್ಲಿಂದ ಬಂತು?"

"ಬ್ಯಾಟರಿಯಿಂದ ಕಣೋ."

"ಬ್ಯಾಟರೀಲಿ ಎಲ್ಲಿ ತುಂಬ್ಕೊಂಡಿರುತ್ತೆ? ಚಾರ್ಜ್ ಆದ್ಮೇಲೆ ಅದು ಭಾರ ಆಗುತ್ತಾ?"

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಆದರೂ ಈ ಎರಡನೇ ಪ್ರಶ್ನೆಯನ್ನು ನನಗೆ ಇದುವರೆಗೂ ಯಾರೂ ಕೇಳಿರಲಿಲ್ಲ. ಒಳ್ಳೆ ಪ್ರಶ್ನೆ ಅದು. ಯಾಕಂದ್ರೆ ನಾವೆಲ್ಲ ಬ್ಯಾಟರಿಯನ್ನು ಸಂಪ್ ಥರ ಅಂದುಕೊಂಡಿದ್ದೇವೆ: ಕರೆಂಟ್ ಇದ್ದಾಗ ತುಂಬಿಕೊಳ್ಳುತ್ತೆ, ಹೋದಾಗ ಖಾಲಿ ಆಗುತ್ತೆ. ಹಾಗಿದ್ದರೆ ತುಂಬಿದ ಸಂಪ್‌ನ ಹಾಗೆ ತುಂಬಿದ ಬ್ಯಾಟರಿಯೂ ಭಾರ ಇರಬೇಕಲ್ಲ? ಇರೋದಿಲ್ಲ. ಮೆಟ್ಟಿಲ ಕೆಳಗಿರೋ 150 ಆಂಪಿಯರ್-ಅವರ್ ಬ್ಯಾಟರಿ ಸುಮಾರು 55–60 ಕೆ.ಜಿ. ತೂಗುತ್ತೆ. ಫುಲ್ ಇದ್ದರೂ ಅಷ್ಟೇ, ಖಾಲಿ ಆದರೂ ಅಷ್ಟೇ.

ಒಳಗೆ ಇರೋದು ಮೂರೇ ಸಾಮಾನು. ಕಂದು ಬಣ್ಣದ ಸೀಸದ ಆಕ್ಸೈಡ್ ತುಂಬಿದ ಪ್ಲೇಟು, ಬೂದು ಬಣ್ಣದ ಬರೀ ಸೀಸದ ಪ್ಲೇಟು, ಇವೆರಡೂ ಮುಳುಗಿರೋ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಫ್ಯಾನ್ ಓಡುವಾಗ ಆಸಿಡ್‌ನಲ್ಲಿರೋ ಸಲ್ಫೇಟ್ ಎರಡೂ ಪ್ಲೇಟುಗಳಿಗೆ ಅಂಟಿಕೊಳ್ಳುತ್ತಾ ಹೋಗುತ್ತೆ. ಆ ರಾಸಾಯನಿಕ ಕೆಲಸ ನಡೆಯುವಾಗ ಎಲೆಕ್ಟ್ರಾನುಗಳು ಒಂದು ಪ್ಲೇಟಿನಿಂದ ಹೊರಟು, ವೈರ್ ಹಿಡಿದು ಇನ್ವರ್ಟರ್‌ನೊಳಗೆ ಸುತ್ತಿ, ಇನ್ನೊಂದು ಪ್ಲೇಟಿಗೆ ಬಂದು ಸೇರುತ್ತವೆ. ಹೋದಷ್ಟೂ ವಾಪಸ್ ಬರುತ್ತೆ, ಅದಕ್ಕೇ ತೂಕ ಬದಲಾಗಲ್ಲ. ಪ್ಲೇಟುಗಳಿಗೆಲ್ಲ ಸಲ್ಫೇಟ್ ಮೆತ್ತಿಕೊಂಡು ಆಸಿಡ್ ತೆಳ್ಳಗಾದಾಗ ಬ್ಯಾಟರಿ "ಖಾಲಿ" ಅಂತೀವಿ. ಲೈನ್ ಕರೆಂಟ್ ಬಂದ ಮೇಲೆ ಚಾರ್ಜರ್ ಅದೇ ಕೆಲಸವನ್ನು ಹಿಂದುಮುಂದಾಗಿ ಮಾಡಿಸುತ್ತೆ: ಸಲ್ಫೇಟ್ ಪ್ಲೇಟು ಬಿಟ್ಟು ಮತ್ತೆ ಆಸಿಡ್‌ಗೆ ಇಳಿಯುತ್ತೆ. ಹೀಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಇವತ್ತು ನಮ್ಮ ಮೆಟ್ಟಿಲ ಕೆಳಗೆ ಕೂತಿರೋದೂ ಅದರ ಮೊಮ್ಮಗನೇ.

"ಹಂಗಾದ್ರೆ ಬ್ಯಾಟರಿಗೆ ನೇರ ಫ್ಯಾನ್ ಕಟ್ಬಹುದಲ್ಲ?" ಅಂದ ಹುಡುಗ.

ಕಟ್ಟಿದರೆ ತಿರುಗಲ್ಲ. ಬ್ಯಾಟರಿಯ ಕರೆಂಟ್ ಒಂದೇ ದಿಕ್ಕಿಗೆ ಹರಿಯೋದು, ಅದೂ 12 ವೋಲ್ಟ್. ಮನೆಯ ಮಾಮೂಲಿ ಸೀಲಿಂಗ್ ಫ್ಯಾನ್‌ಗೆ ಬೇಕಾದದ್ದು 230 ವೋಲ್ಟ್, ಅದೂ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡೋ ಕರೆಂಟ್. (ದೂರಕ್ಕೆ ಸಾಗಿಸೋಕೆ ಈ ಆಡೋ ಕರೆಂಟೇ ಸಲೀಸು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆಯೋಕೆ ಆಗಿದ್ದೂ ಅದರಿಂದಲೇ.) ಇನ್ವರ್ಟರ್ ಪೆಟ್ಟಿಗೆಯ ಕೆಲಸ ಇದೇ. ಅದರೊಳಗಿನ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಬ್ಯಾಟರಿ ಕರೆಂಟನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸುತ್ತಾ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತವೆ, ಟ್ರಾನ್ಸ್‌ಫಾರ್ಮರ್ ಅದನ್ನು 230ರ ಹತ್ತಿರಕ್ಕೆ ಏರಿಸುತ್ತೆ. ಹಳೆ ಸ್ಕ್ವೇರ್ ವೇವ್ ಇನ್ವರ್ಟರ್ ಇರೋ ಮನೆಗಳಲ್ಲಿ ಕರೆಂಟ್ ಹೋದ ತಕ್ಷಣ ಫ್ಯಾನ್ "ಗುಂಯ್" ಅನ್ನೋಕೆ ಶುರು ಮಾಡುತ್ತಲ್ಲ, ಅದು ಈ ತಿರುಗಿಸೋ ಕೆಲಸ ಒರಟಾಗಿ ನಡೆದಿರೋದಕ್ಕೆ. ಸೈನ್ ವೇವ್ ಇನ್ವರ್ಟರ್ ಅದನ್ನು ನಯವಾಗಿ ಮಾಡುತ್ತೆ. ಇನ್ನು ಆ "ಟಕ್" ಶಬ್ದ, ಮನೆಯ ವೈರಿಂಗನ್ನು ಲೈನಿನಿಂದ ಬಿಡಿಸಿ ಬ್ಯಾಟರಿ ಕಡೆಗೆ ತಗುಲಿಸೋ ರಿಲೇ ಸದ್ದು. ಆ ಕ್ಷಣದಲ್ಲಿ ಫ್ಯಾನ್‌ಗೆ ಕರೆಂಟ್ ಇರಲ್ಲ, ಆದರೆ ರೆಕ್ಕೆ ಓಟದಲ್ಲಿರೋದ್ರಿಂದ ನಮಗೆ ಗೊತ್ತಾಗಲ್ಲ.

ಮಗ್ಗ ಯಾಕೆ ಇದರಲ್ಲಿ ಓಡಲ್ಲ ಅಂತ ಅವನು ಕೇಳೇ ಕೇಳ್ತಾನೆ ಅಂತ ಗೊತ್ತಿತ್ತು, ಕೇಳಿದ. ಒಂದು ಎಚ್‌ಪಿ ಮೋಟಾರ್ ಅಂದರೆ 746 ವ್ಯಾಟ್. ಪಕ್ಕದ ಮನೆಯ ನಾಲ್ಕು ಮಗ್ಗಕ್ಕೆ ಅಂಥ ನಾಲ್ಕು ಅಂತ ಇಟ್ಟುಕೊಂಡರೂ ಹತ್ತಿರ ಹತ್ತಿರ ಮೂರು ಸಾವಿರ ವ್ಯಾಟ್ ಆಯ್ತು. ಸಾಲದ್ದಕ್ಕೆ ಮೋಟಾರ್ ಶುರು ಆಗೋ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಅಕ್ಕನ ಮನೇದು 900 ವಿಎ ಇನ್ವರ್ಟರ್. ಓವರ್‌ಲೋಡ್ ಅಂತ ಕೂಗಿ ಆಫ್ ಆಗುತ್ತೆ, ಅಷ್ಟೇ.

ಇಷ್ಟು ಮಾತಾಡೋ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಇನ್ವರ್ಟರ್ ಬೀಪ್ ಬೀಪ್ ಅನ್ನೋಕೆ ಶುರು ಮಾಡಿತು, ಐದು ನಿಮಿಷಕ್ಕೆ ಫ್ಯಾನ್ ನಿಂತಿತು. ಒಳಗಿನ ರೂಮಿಂದ ಅಜ್ಜಿ ಕೆಮ್ಮೋದು ಕೇಳಿಸಿತು. ಅವರಿಗೆ ದಮ್ಮಿನ ತೊಂದರೆ ಇದೆ, ಫ್ಯಾನ್ ಇಲ್ಲದೆ ಮಲಗೋಕೆ ಆಗಲ್ಲ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಕೆಲವೊಮ್ಮೆ ಬೆಳಗ್ಗೆವರೆಗೂ ಬರಲ್ಲ. "ಮೊದ್ಲು ರಾತ್ರಿಯೆಲ್ಲ ಬರ್ತಿತ್ತು ಕಣೋ, ಈಗ ತಿಂಗಳಿಂದ ಹಿಂಗೆ" ಅಂದ್ಲು ಅಕ್ಕ.

ರಾತ್ರಿಯೆಲ್ಲ ಬರಬೇಕಿತ್ತಾ? ಅಲ್ಲೇ ಹುಡುಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ್ವಿ. ಎರಡು ಫ್ಯಾನ್, ತಲಾ 75 ವ್ಯಾಟ್, ಒಟ್ಟು 150. ಮೂರು ಎಲ್‌ಇಡಿ ಬಲ್ಬ್ 27. ವೈಫೈ ರೂಟರ್ 10. ಎಲ್ಲ ಸೇರಿ 187. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತೆ, ಹಾಗಾಗಿ ಬ್ಯಾಟರಿ ಸುಮಾರು 230 ವ್ಯಾಟ್ ಕೊಡಬೇಕು. ಅದನ್ನು 12ರಿಂದ ಭಾಗಿಸಿದರೆ ಹತ್ತಿರ ಹತ್ತಿರ 19 ಆಂಪಿಯರ್. 150ನ್ನು 19ರಿಂದ ಭಾಗಿಸಿ ಎಂಟು ಗಂಟೆ ಅಂತ ಹುಡುಗ ಕುಣಿದ. ಪೇಪರ್ ಮೇಲೆ ಸರಿ. ಆದರೆ ಬ್ಯಾಟರಿ ಮೇಲೆ ಬರೆದಿರೋ 150, ಸಾಮಾನ್ಯವಾಗಿ 20 ಗಂಟೆ ಕಾಲ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರ್‌ನಂತೆ ಎಳೆದರೆ ಸಿಗೋ ಲೆಕ್ಕ. ಜೋರಾಗಿ ಎಳೆದಷ್ಟೂ ಒಟ್ಟು ಸಿಗೋದು ಕಮ್ಮಿ. ಹೊಸ ಬ್ಯಾಟರಿಯಲ್ಲಿ ಈ ಲೋಡಿಗೆ ಆರು ಗಂಟೆ ಅಂತ ನಾನು ಹಿಡಿಯುತ್ತೇನೆ. ಆರು ಗಂಟೆ ಬರಬೇಕಾದದ್ದು ಮೂವತ್ತೈದು ನಿಮಿಷಕ್ಕೆ ಬಂದಿದೆ ಅಂದರೆ ಬರೀ ವಯಸ್ಸಿನ ಸುಸ್ತಲ್ಲ, ಬೇರೇನೋ ಇದೆ.

ಮಾರನೇ ದಿನ ಲೈನ್ ಕರೆಂಟ್ ಬಂದು ಪೂರ್ತಿ ಚಾರ್ಜ್ ಆದ ಮೇಲೆ ಭಾವನ ಪರಿಚಯದ ಬ್ಯಾಟರಿ ಮೆಕ್ಯಾನಿಕ್ ಬಂದರು. ಬ್ಯಾಟರಿಗೆ ಐದು ವರ್ಷ ಆಗಿತ್ತು. ಇನ್ವರ್ಟರ್ ಆಫ್ ಮಾಡಿ, ಕಿಟಕಿ ತೆಗೆದು, ದೇವರ ದೀಪವನ್ನು ದೂರ ಇಡಿಸಿದರು. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್ ಬರುತ್ತೆ, ಅದಕ್ಕೆ ಕಿಡಿ ತಾಗಬಾರದು. (ಮೆಟ್ಟಿಲ ಕೆಳಗೆ ಬ್ಯಾಟರಿ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇಟ್ಟಿರೋ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಇವತ್ತೇ ಜಾಗ ಬದಲಿಸಿ.)

12 ವೋಲ್ಟ್ ಬ್ಯಾಟರಿ ಅಂದರೆ ಎರಡು ವೋಲ್ಟ್‌ನ ಆರು ಸೆಲ್‌ಗಳ ಸಾಲು, ಪ್ರತಿಯೊಂದಕ್ಕೂ ಬೇರೆ ಮುಚ್ಚಳ. ಮೆಕ್ಯಾನಿಕ್ ಹೈಡ್ರೋಮೀಟರ್ ತೆಗೆದರು. ಮೇಲೆ ರಬ್ಬರ್ ಬಲ್ಬು ಇರೋ ಗಾಜಿನ ಕೊಳವೆ, ಒಳಗೊಂದು ತೇಲೋ ಕಡ್ಡಿ. ಆಸಿಡ್ ಗಟ್ಟಿ ಇದ್ದರೆ ಕಡ್ಡಿ ಮೇಲೆ ತೇಲುತ್ತೆ, ತೆಳ್ಳಗಿದ್ದರೆ ಮುಳುಗುತ್ತೆ. ಬರೀ ನೀರಾದರೆ 1000 ತೋರಿಸುತ್ತೆ. ಐದು ಸೆಲ್‌ಗಳಲ್ಲಿ 1230, 1240 ಅಂತ ಬಂತು, ಚೆನ್ನಾಗಿದೆ. ಆರನೆಯದರಲ್ಲಿ ಕಡ್ಡಿ ಮುಳುಗಿ 1120ಕ್ಕೆ ನಿಂತಿತು. ರಾತ್ರಿಯಿಡೀ ಚಾರ್ಜ್ ಆದಮೇಲೂ ಅದರ ಆಸಿಡ್ ತೆಳ್ಳಗೇ ಇತ್ತು.

ಮೂವತ್ತೈದು ನಿಮಿಷದ ಗುಟ್ಟು ಅಲ್ಲಿತ್ತು. ಚೆನ್ನಾಗಿರೋ ಸೆಲ್ 2.1 ವೋಲ್ಟ್ ಕೊಡುತ್ತೆ, ಆರು ಸೇರಿ 12.6. ಕೆಟ್ಟ ಸೆಲ್‌ನಲ್ಲಿದ್ದ ಚೂರುಪಾರು ಚಾರ್ಜ್ ಅರ್ಧ ಗಂಟೆಯಲ್ಲಿ ಮುಗಿದರೆ ಉಳಿಯೋದು ಐದು, ಅಂದರೆ 10.5 ವೋಲ್ಟ್. ಬ್ಯಾಟರಿ ಹಾಳಾಗದಿರಲಿ ಅಂತ ಇನ್ವರ್ಟರ್ ಕೈಬಿಡೋದೂ ಸಾಮಾನ್ಯವಾಗಿ ಅದೇ 10.5ರ ಆಸುಪಾಸಿನಲ್ಲಿ. ಐದು ಸೆಲ್‌ಗಳಲ್ಲಿ ಇನ್ನೂ ಗಂಟೆಗಟ್ಟಲೆ ಶಕ್ತಿ ಇದ್ದರೂ ಆರನೆಯದರಿಂದಾಗಿ ಫ್ಯಾನ್ ನಿಂತಿತು. "ನಾವು ಗ್ರೂಪಲ್ಲಿ ಓಡುವಾಗ ಒಬ್ಬ ಕೂತುಬಿಟ್ಟಂಗೆ" ಅಂದ ಹುಡುಗ. ಹೂಂ, ಹೆಚ್ಚುಕಮ್ಮಿ ಹಾಗೇ.

ಇದನ್ನು ಹೈಡ್ರೋಮೀಟರ್ ಇಲ್ಲದೆಯೂ ಊಹಿಸಬಹುದಿತ್ತು. ಒಂದು ಸೆಲ್ ಸತ್ತರೆ ಬ್ಯಾಟರಿಯ ವೋಲ್ಟೇಜ್ ಮೇಲೇರಲ್ಲ, "ಇನ್ನೂ ತುಂಬಿಲ್ಲ" ಅಂದುಕೊಂಡು ಚಾರ್ಜರ್ ನಿಲ್ಲಿಸದೆ ತಳ್ಳುತ್ತಲೇ ಇರುತ್ತೆ. ಉಳಿದ ಐದೂ ಕುದಿಯುತ್ತವೆ. ಮೈ ಮುಟ್ಟಿದರೆ ಬಿಸಿ, ನೀರು ಬೇಗ ಬೇಗ ಇಳಿಯೋದು, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಅಂಥ ವಾಸನೆ ಬಂದರೆ ಕಾಯಬೇಡಿ, ಇನ್ವರ್ಟರ್ ಆಫ್ ಮಾಡಿ, ಕಿಟಕಿ ತೆಗೆದು ಮೆಕ್ಯಾನಿಕ್‌ಗೆ ಫೋನ್ ಮಾಡಿ. ಅಕ್ಕನ ಮನೆಯಲ್ಲೂ ಎರಡು ತಿಂಗಳಿಗೊಮ್ಮೆ ಸಾಕಾಗುತ್ತಿದ್ದ ಡಿಸ್ಟಿಲ್ಡ್ ವಾಟರ್ ಈಚೆಗೆ ಎರಡು ವಾರಕ್ಕೇ ಬೇಕಾಗುತ್ತಿತ್ತಂತೆ. ಅಂದಹಾಗೆ ಡಿಸ್ಟಿಲ್ಡ್ ವಾಟರೇ ಹಾಕಬೇಕು. ಬೋರ್‌ವೆಲ್ ನೀರಿನ ಉಪ್ಪು, ಕಬ್ಬಿಣದ ಅಂಶ ಪ್ಲೇಟುಗಳನ್ನು ತಿನ್ನುತ್ತವೆ. ಆವಿಯಾಗಿ ಹೋಗೋದು ನೀರು ಮಾತ್ರ, ಆದ್ದರಿಂದ ಆಸಿಡ್ ಸೇರಿಸೋಕೂ ಹೋಗಬಾರದು.

ಸತ್ತ ಸೆಲ್‌ಗೆ ನೀರು ಹಾಕಿದರೂ, ಪೌಡರ್ ಹಾಕಿದರೂ ಜೀವ ಬರಲ್ಲ ಅಂತ ಮೆಕ್ಯಾನಿಕ್ ನೇರವಾಗಿ ಹೇಳಿದರು, ನನಗೂ ಅದೇ ಸರಿ ಅನ್ನಿಸಿತು. ಭಾವ 200 ಆಂಪಿಯರ್-ಅವರ್‌ದು ತರೋಣ ಅಂದರು. ಅದರ ಬದಲು ಫ್ಯಾನ್ ಬದಲಿಸಿ ಅಂದೆ ನಾನು. ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್ ತಿನ್ನುತ್ತೆ. ಎರಡು ಫ್ಯಾನ್ 60, ಬಲ್ಬು ರೂಟರ್ 37, ಒಟ್ಟು 97. ಬ್ಯಾಟರಿಯಿಂದ ಹತ್ತು ಆಂಪಿಯರ್ ಎಳೆದರೆ ಸಾಕು. ಅದೇ 150ರ ಹೊಸ ಬ್ಯಾಟರಿಯಲ್ಲಿ ರಾತ್ರಿ ಹತ್ತಕ್ಕೆ ಕರೆಂಟ್ ಹೋದರೂ ಬೆಳಗ್ಗೆ ಎಂಟರವರೆಗೆ ಅಜ್ಜಿಯ ಫ್ಯಾನ್ ತಿರುಗುತ್ತೆ. ಭಾವ ಸ್ವಲ್ಪ ಗೊಣಗಿ ಒಪ್ಪಿದರು.

ಹಳೇ ಬ್ಯಾಟರಿಯನ್ನು ಗುಜರಿಗೆ ಹಾಕಿದರೆ ಇನ್ನೂರು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಯಾರೋ ಹೇಳಿದರು. ಗುಜರಿಯಲ್ಲಿ ಅದನ್ನು ಒಡೆದರೆ ಆಸಿಡ್ ಮೋರಿಗೆ ಹೋಗುತ್ತೆ, ಸೀಸದ ಧೂಳು ಅಲ್ಲೇ ಆಡೋ ಮಕ್ಕಳ ಮೈ ಸೇರುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಹಾಗಾಗಿ ಹೊಸದು ಕೊಂಡ ಅಂಗಡಿಗೇ ಕೊಟ್ಟೆವು, ಬೆಲೆಯಲ್ಲಿ ಅದರ ದುಡ್ಡು ಕಳೆದರು. ಆಟೋಗೆ ಎತ್ತುವ ಮುಂಚೆ ಹುಡುಗ ಅಂಗಡಿಯ ತಕ್ಕಡಿ ಮೇಲೆ ಎರಡನ್ನೂ ಇಡಿಸಿ ತೂಕ ನೋಡಲೇಬೇಕು ಅಂತ ಹಟ ಮಾಡಿದ. ಅಂಗಡಿಯವರು ನಕ್ಕು ಇಟ್ಟರು.